ಸೀರೆಯ ಫೋಟೊ ಯಾರದ್ದು?

ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪುಟ ಇದೆ ಎಂದಿಟ್ಟುಕೊಳ್ಳಿ. ಹೆಸರಿನಲ್ಲಿ ಮೈಸೂರೂ ಇದೆ, ಸಿಲ್ಕೂ ಇದೆ. ವಿಳಾಸದಲ್ಲಿ ದೇವರಾಜ ಅರಸು ರಸ್ತೆ ಎಂದಿದೆ, ಅಂಗಡಿಯ ನಂಬರ್ ಮಾತ್ರ ಇಲ್ಲ. ಒಂದೇ ಸೀರೆಯದೆಂದು ನಾಲ್ಕು ಫೋಟೊ ಹಾಕಿದ್ದಾರೆ: ಸೀರೆ ಉಟ್ಟ ಹೆಂಗಸಿನದು ಒಂದು, ಅದರಲ್ಲಿ ಕತ್ತಿನಿಂದ ಮೇಲಕ್ಕೆ ಚಿತ್ರವಿಲ್ಲ, ಜರಿ ಅಂಚನ್ನು ಹತ್ತಿರದಿಂದ ತೆಗೆದದ್ದು ಇನ್ನೊಂದು, ಮೇಜಿನ ಮೇಲೆ ಮಡಿಸಿಟ್ಟದ್ದು ಮತ್ತೊಂದು, ಸೀರೆ ತುಂಬಿದ ಕಪಾಟಿನದು ಕೊನೆಯದು. ಬೆಲೆ, ಮೈಸೂರು ಸಿಲ್ಕ್ ತಯಾರಿಸುವ ಸರ್ಕಾರಿ ನಿಗಮ ಕೆಎಸ್‌ಐಸಿಯ ಷೋರೂಮಿನ ಅರ್ಧಕ್ಕೂ ಕಡಿಮೆ. ಮಂಡ್ಯದಿಂದ ಮೆಸೇಜ್ ಮಾಡಿ ವಿಚಾರಿಸಿದವರಿಗೆ ಬರುವ ಉತ್ತರ: "ಕೆಎಸ್‌ಐಸಿ ಪೀಸೇ ಮೇಡಂ. ಅರ್ಧ ದುಡ್ಡು ಯುಪಿಐ ಮಾಡಿಬಿಡಿ, ನಾಳೆನೇ ಕೊರಿಯರ್ ಹಾಕ್ತೀವಿ."

ಆ ಅರ್ಧ ದುಡ್ಡು ಹೋಗುವ ಮೊದಲು ಫೋಟೊಗಳನ್ನು ರಿವರ್ಸ್ ಇಮೇಜ್ ಸರ್ಚ್‌ಗೆ ಹಾಕಿ ನೋಡಬಹುದು. ಪದ ಟೈಪ್ ಮಾಡಿ ಚಿತ್ರ ಹುಡುಕುವ ಬದಲು ಚಿತ್ರವನ್ನೇ ಕೊಟ್ಟು, ಅದು ಬೇರೆಲ್ಲಿದೆ ಎಂದು ಕೇಳುವುದು ಅಷ್ಟೆ. ಕೆಲಸ ಎರಡು ನಿಮಿಷದ್ದು. ಬಂದ ಫಲಿತಾಂಶವನ್ನು ಓದುವುದರಲ್ಲಿಯೇ ಜನ ಎಡವುತ್ತಾರೆ. ಫೋಟೊ ಬೇರೆ ಕಡೆ ಸಿಕ್ಕಿತು ಎಂದಾಕ್ಷಣ ಕಳ್ಳ ಎನ್ನುತ್ತಾರೆ, ಸಿಗಲಿಲ್ಲ ಎಂದರೆ ಸಾಚಾ ಎನ್ನುತ್ತಾರೆ. ಎರಡೂ ತಪ್ಪು. ನೋಡಬೇಕಾದದ್ದು ಯಾವ ಪ್ರತಿಯಿಂದ ಯಾವ ಪ್ರತಿ ಹುಟ್ಟಿದೆ ಎಂಬುದನ್ನು.

ಯಂತ್ರ ಎರಡು ಚಿತ್ರಗಳನ್ನು ಹೋಲಿಸುವುದು ಹೇಗೆಂದು ಗೊತ್ತಿದ್ದರೆ ಈ ಓದು ಸುಲಭ. ಸರಳವಾದ ಒಂದು ವಿಧಾನ ಹೀಗಿದೆ. ಚಿತ್ರವನ್ನು ಅಡ್ಡಕ್ಕೆ 9, ಉದ್ದಕ್ಕೆ 8 ಚೌಕಗಳಿಗೆ ಕುಗ್ಗಿಸಿ ಬಣ್ಣ ತೆಗೆದುಬಿಡುತ್ತಾರೆ. ಆಮೇಲೆ ಪ್ರತಿ ಸಾಲಿನಲ್ಲೂ ಒಂದೊಂದು ಚೌಕ ತನ್ನ ಬಲಗಡೆಯ ಚೌಕಕ್ಕಿಂತ ಬೆಳ್ಳಗಿದೆಯೇ, ಕಪ್ಪಗಿದೆಯೇ ಎಂದು ಕೇಳುತ್ತಾ ಹೋಗುತ್ತಾರೆ. ಸಾಲಿಗೆ 8ರಂತೆ ಒಟ್ಟು 64 ಉತ್ತರ. ಅದೇ ಆ ಚಿತ್ರದ ಬೆರಳಚ್ಚು. ಸಂಬಂಧವೇ ಇಲ್ಲದ ಎರಡು ಚಿತ್ರಗಳಲ್ಲಿ ಸುಮಾರು ಅರ್ಧದಷ್ಟು ಉತ್ತರಗಳು ಬೇರೆಯಾಗಿರುತ್ತವೆ. ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಮೂರೋ ನಾಲ್ಕೋ ಮಾತ್ರ. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಮಸುಕಾದ ಫೋಟೊ ಕೂಡ ಸಿಕ್ಕಿಬೀಳುವುದು ಇದರಿಂದಲೇ. ಮಸುಕಾದರೂ ಬೆಳಕು ನೆರಳಿನ ಹಂಚಿಕೆ ಬದಲಾಗುವುದಿಲ್ಲ. ಆದರೆ ಚಿತ್ರವನ್ನು ಎಡ ಬಲ ತಿರುಗಿಸಿಬಿಟ್ಟರೆ ಉತ್ತರಗಳೆಲ್ಲ ಅದಲುಬದಲಾಗಿ ಬೆರಳಚ್ಚೇ ಬೇರೆಯಾಗುತ್ತದೆ. ಫೋಟೊ ಕದಿಯುವವರಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ, ತಿರುಗಿಸಿದರೆ ಸಿಕ್ಕಿಬೀಳುವುದಿಲ್ಲ ಎನ್ನುವುದು ಗೊತ್ತು.

ಟಿನ್‌ಐ ಎಂಬ ಚಿತ್ರ ಹುಡುಕುವ ತಾಣ 2008ರಿಂದ ಇದೇ ಜಾತಿಯ ಕೆಲಸ ಮಾಡುತ್ತಿದೆ. ಅದರ ಬೆರಳಚ್ಚು ಇದಕ್ಕಿಂತ ಎಷ್ಟೋ ಸೂಕ್ಷ್ಮವಾದದ್ದು, ಆದರೂ ಗುರಿ ಒಂದೇ: ಇದೇ ಫೋಟೊ ಎಲ್ಲೆಲ್ಲಿದೆ ಎಂದು ಹೇಳುವುದು. ಗೂಗಲ್ ಲೆನ್ಸ್‌ನ ಸ್ವಭಾವ ಬೇರೆ. ಅದು ಚಿತ್ರದಲ್ಲಿ ಏನಿದೆ ಎಂದು ಗುರುತಿಸಿ ಅಂಥದ್ದನ್ನೇ ಹುಡುಕುತ್ತದೆ. ಹಸಿರು ಸೀರೆ ಕೊಟ್ಟರೆ ನೂರು ಹಸಿರು ಸೀರೆ ತಂದು ಸುರಿಯುತ್ತದೆ. ಹಾಗಾಗಿ ಲೆನ್ಸ್ ಫಲಿತಾಂಶದಲ್ಲಿ Exact matches ಎಂಬ ಟ್ಯಾಬ್ ಒತ್ತುವುದನ್ನು ಮರೆಯಬಾರದು. ಅದನ್ನು ಒತ್ತದೆ, ಇದೇ ಸೀರೆ ಎಲ್ಲ ಕಡೆ ಇದೆಯಲ್ಲ ಎಂದು ಗಾಬರಿಯಾಗುವವರೇ ಹೆಚ್ಚು.

ಈಗ ನಮ್ಮ ನಾಲ್ಕು ಫೋಟೊಗಳಿಗೆ ಬರೋಣ. ಇನ್‌ಸ್ಟಾಗ್ರಾಮ್‌ನಿಂದ ಸ್ಕ್ರೀನ್‌ಶಾಟ್ ತೆಗೆದರೆ ಮೇಲೆ ಬ್ಯಾಟರಿಯ ಗುರುತು, ಕೆಳಗೆ ಲೈಕ್‌ಗಳ ಸಾಲು ಎಲ್ಲವೂ ಬರುತ್ತದೆ. ಅದಷ್ಟನ್ನೂ ಕ್ರಾಪ್ ಮಾಡಬೇಕು. ಮಾರಾಟಗಾರ ಮೇಲಿನ ಭಾಗದಲ್ಲಿ ಹಬ್ಬದ ಆಫರ್ ಎಂದು ಬಣ್ಣದ ಪಟ್ಟಿ ಅಂಟಿಸಿದ್ದರೆ ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ಹುಡುಕಾಟ ಆ ಅಕ್ಷರಗಳ ಬೆನ್ನು ಹತ್ತುತ್ತದೆ. ಫೋನಿನಲ್ಲಿ ಗೂಗಲ್ ಆ್ಯಪ್‌ನ ಕ್ಯಾಮೆರಾ ಗುರುತು ಒತ್ತಿ ಗ್ಯಾಲರಿಯಿಂದ ಫೋಟೊ ಆರಿಸಿಕೊಳ್ಳಿ. ಕಂಪ್ಯೂಟರ್ ಆದರೆ images.google.com ತೆರೆದು ಅದೇ ಗುರುತು ಒತ್ತಿ. ಲೆನ್ಸ್ ತಾನಾಗಿಯೇ ಸೀರೆಯ ಸುತ್ತ ಚೌಕಟ್ಟು ಹಾಕಿದರೆ ಅದರ ಮೂಲೆ ಹಿಡಿದೆಳೆದು ಇಡೀ ಚಿತ್ರಕ್ಕೆ ಹಿಗ್ಗಿಸಿ. ಇಲ್ಲಿ ಹಿನ್ನೆಲೆಯೇ ಮುಖ್ಯ, ಸೀರೆಯಲ್ಲ. ಅದೇ ಫೋಟೊವನ್ನು tineye.com ತಾಣಕ್ಕೂ ಹಾಕಿ.

ಜರಿ ಅಂಚಿನ ಫೋಟೊ ಹಾಕಿ ಪ್ರಯೋಜನವಿಲ್ಲ. ಹಿಡಿದುಕೊಳ್ಳಲು ಗುರುತುಗಳಿಲ್ಲದ ಚಿತ್ರ ಅದು. ಬಂಗಾರದ ಗೆರೆ ಎಲ್ಲ ಸೀರೆಯಲ್ಲೂ ಬಂಗಾರದ ಗೆರೆಯೇ. ಮಡಿಸಿಟ್ಟ ಸೀರೆಯದು ಸ್ವಲ್ಪ ವಾಸಿ, ಮಡಿಕೆಯ ಸುಕ್ಕು ಮತ್ತು ಮೇಜಿನ ಮೇಲೆ ಬಿದ್ದ ನೆರಳು ಎರಡನೇ ಸಲ ಹಾಗೆಯೇ ಬರುವುದಿಲ್ಲ. ಒಂದೇ ಸೀರೆಯ ಎರಡು ಫೋಟೊಗಳೋ ಅಥವಾ ಒಂದೇ ಫೋಟೊವೋ ಎಂದು ತೀರ್ಮಾನಿಸುವುದು ಇಂಥ ಸುಕ್ಕುಗಳಿಂದಲೇ.

ಸೀರೆ ಉಟ್ಟ ಹೆಂಗಸಿನ ಫೋಟೊ ಹಾಕಿದಾಗ ಏನೂ ಸಿಗುವುದಿಲ್ಲ ಎಂದುಕೊಳ್ಳಿ. ಫೋಟೊವನ್ನು ಇನ್ನೊಂದು ಸಲ ನಿಧಾನವಾಗಿ ನೋಡಿ. ಸೆರಗು ಯಾವ ಭುಜದ ಮೇಲಿದೆ? ನಮ್ಮ ಕಡೆ ಸಾಮಾನ್ಯವಾಗಿ ಸೀರೆ ಉಡುವವರು ಸೆರಗು ಹಾಕುವುದು ಎಡ ಭುಜಕ್ಕೆ. ಫೋಟೊದಲ್ಲಿ ಬಲ ಭುಜದ ಮೇಲಿದ್ದರೆ ಚಿತ್ರವನ್ನು ತಿರುಗಿಸಿದ್ದಾರೆ ಎಂಬ ಗುಮಾನಿ ಹುಟ್ಟಬೇಕು. ಕೊಡಗಿನ ಉಡಿಗೆಯಲ್ಲೂ ಗುಜರಾತಿ ಉಡಿಗೆಯಲ್ಲೂ ಸೆರಗು ಬಲ ಭುಜಕ್ಕೇ ಬರುತ್ತದೆ ನಿಜ, ಆದರೆ ಅಲ್ಲಿ ಅದು ಹಿಂದಿನಿಂದ ಮುಂದಕ್ಕೆ ಬಂದಿರುತ್ತದೆ. ಮುಂದಿನಿಂದ ಹಿಂದಕ್ಕೆ ಹೋದ ಸೆರಗು ಬಲ ಭುಜದ ಮೇಲಿದ್ದರೆ ಗ್ಯಾಲರಿಯ ಎಡಿಟ್‌ನಲ್ಲಿ ಫ್ಲಿಪ್ ಒತ್ತಿ, ಹೊಸ ಚಿತ್ರವನ್ನು ಸೇವ್ ಮಾಡಿ ಮತ್ತೆ ಹುಡುಕಿ.

ಈ ಸಲ ಸಿಗುತ್ತದೆ: ಬೇರೆ ಊರಿನ ಒಂದು ಜವಳಿ ತಾಣದಲ್ಲಿ ಅದೇ ಫೋಟೊ. ಅಲ್ಲಿ ಹೆಂಗಸಿನ ಮುಖವೂ ಇದೆ, ಕಾಲ ಬಳಿ ನೆರಿಗೆಯೂ ಪೂರ್ತಿ ಕಾಣುತ್ತದೆ, ಬಲಗಡೆ ಕೆಳಮೂಲೆಯಲ್ಲಿ ಅಂಗಡಿಯ ಮುದ್ರೆ ಇದೆ. ನಮ್ಮ ಮಾರಾಟಗಾರನ ಫೋಟೊ ಕತ್ತಿನ ಹತ್ತಿರ ಮತ್ತು ಆ ಮುದ್ರೆಗೆ ಸ್ವಲ್ಪ ಮೇಲೆ ಕತ್ತರಿಸಿಕೊಂಡು ನಿಂತಿದೆ. ಕಳವಿನ ದಿಕ್ಕು ಇಲ್ಲಿ ತಾನೇ ಗೊತ್ತಾಗುತ್ತದೆ. ದೊಡ್ಡ ಚಿತ್ರವನ್ನು ಕತ್ತರಿಸಿ ಚಿಕ್ಕದು ಮಾಡಬಹುದು, ಚಿಕ್ಕದರಿಂದ ಇಲ್ಲದ ಮುಖವನ್ನೂ ನೆರಿಗೆಯನ್ನೂ ತರುವುದು ಅಷ್ಟು ಸುಲಭವಲ್ಲ. ಟಿನ್‌ಐನಲ್ಲಿ Biggest image ಎಂದು ವಿಂಗಡಿಸಿದರೆ ಇಂಥ ದೊಡ್ಡ ಪ್ರತಿ ಮೇಲಕ್ಕೆ ಬರುತ್ತದೆ. Oldest ಎಂಬ ವಿಂಗಡಣೆಯೂ ಇದೆ, ಆದರೆ ಆ ತಾರೀಖನ್ನು ಕಣ್ಣು ಮುಚ್ಚಿ ನಂಬಬೇಡಿ. ಟಿನ್‌ಐ ಆ ಫೋಟೊವನ್ನು ಮೊದಲು ಕಂಡ ದಿನ ಅದು, ಅಪ್‌ಲೋಡ್ ಮಾಡಿದ ದಿನವಲ್ಲ. ಅದರ ಕಣ್ಣಿಗೆ ಕದ್ದ ಪ್ರತಿಯೇ ಮೊದಲು ಬಿದ್ದಿರಲೂಬಹುದು.

ಸಿಕ್ಕ ಪುಟವನ್ನು ತೆರೆದು ಅಲ್ಲಿ ಬರೆದಿರುವುದನ್ನು ಓದಿ. ಹೆಚ್ಚಿನವರು ಚಿತ್ರ ಹೊಂದಿತು ಎಂದು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮೂಲ ತಾಣದಲ್ಲಿ ಅದೇ ಸೀರೆಯ ಕೆಳಗೆ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ಎಂದೋ ಪಾಲಿಯೆಸ್ಟರ್ ಕ್ರೇಪ್ ಎಂದೋ ಇದ್ದರೆ ಫೋಟೊ ಯಾರದ್ದೆಂಬ ಜಗಳವೇ ಬೇಕಿಲ್ಲ. ಆ ಫೋಟೊ ತೋರಿಸಿ ಕೆಎಸ್‌ಐಸಿ ಸೀರೆ ಎಂದ ಮಾತು ಅಲ್ಲಿಗೆ ಬಿದ್ದುಹೋಯಿತು.

ಇನ್ನೊಂದು ಸಾಧ್ಯತೆಯೂ ಇದೆ. ಅದೇ ಫೋಟೊ ಮೂವತ್ತು ನಲವತ್ತು ಕಡೆ ಸಿಕ್ಕರೆ ಅವರೆಲ್ಲ ಕಳ್ಳರು ಎಂದಲ್ಲ. ಸೂರತ್‌ನಂಥ ಕಡೆಯ ಸಗಟು ವ್ಯಾಪಾರಿಗಳು ತಮ್ಮ ಕ್ಯಾಟಲಾಗ್ ಫೋಟೊಗಳನ್ನು ವಾಟ್ಸಾಪ್ ಗುಂಪುಗಳಿಗೆ ಬಿಡುತ್ತಾರೆ. ಮನೆಯಿಂದಲೇ ಸೀರೆ ಮಾರುವವರು ಅವನ್ನೇ ತಮ್ಮ ಸ್ಟೇಟಸ್‌ಗೆ ಹಾಕಿಕೊಂಡು, ಆರ್ಡರ್ ಬಂದ ಮೇಲೆ ತರಿಸಿ ಕೊಡುತ್ತಾರೆ. ಅದು ಒಪ್ಪಿತ ವ್ಯಾಪಾರವೇ. ಅಂಥವರ ವಿಷಯದಲ್ಲಿ ಹುಡುಕಾಟ ಹೇಳುವುದು ಒಂದೇ ಮಾತು: ಸೀರೆ ಇನ್ನೂ ಇವರ ಕೈಯಲ್ಲಿಲ್ಲ. ನಾಳೆನೇ ಕೊರಿಯರ್ ಎಂದಿದ್ದರೆ ಮಾತ್ರ ಅದು ಸುಳ್ಳಾಗುತ್ತದೆ.

ಕಪಾಟಿನ ಫೋಟೊ ಎರಡೂ ಕಡೆ ಸಿಗಲಿಲ್ಲ ಎಂದುಕೊಳ್ಳಿ. ಹುಡುಕಾಟದ ಯಂತ್ರ ತಾನು ಈಗಾಗಲೇ ನೋಡಿ ದಾಖಲಿಸಿಕೊಂಡ ತೆರೆದ ಪುಟಗಳಲ್ಲಿ ಮಾತ್ರ ಹುಡುಕುತ್ತದೆ. ವಾಟ್ಸಾಪ್ ಗುಂಪು, ಬೀಗ ಹಾಕಿದ ಖಾತೆ, ಇನ್ನೊಬ್ಬರ ವಿಡಿಯೊದಿಂದ ಹಿಡಿದ ಒಂದು ಚಿತ್ರ, ಇವು ಯಾವುವೂ ಅದಕ್ಕೆ ಕಾಣವು. ಸಿಗಲಿಲ್ಲ ಎಂದರೆ ಅಲ್ಲಿ ಕಾಣಲಿಲ್ಲ ಎಂದಷ್ಟೇ ಅರ್ಥ. ಇಂಥ ಫೋಟೊವನ್ನು ಹಿಗ್ಗಿಸಿ ಕಣ್ಣಿನಿಂದಲೇ ಓದಬೇಕು. ಗೋಡೆಯ ಕ್ಯಾಲೆಂಡರ್ ಗುಜರಾತಿಯಲ್ಲಿದೆಯೇ? ಬಿಲ್ ಪುಸ್ತಕದ ಮೇಲಿನ ಅಕ್ಷರ ಯಾವ ಭಾಷೆಯದು? ಆ ತುಂಡನ್ನು ಮಾತ್ರ ಕ್ರಾಪ್ ಮಾಡಿ ಲೆನ್ಸ್‌ಗೆ ಕೊಟ್ಟರೆ ಅಕ್ಷರಗಳನ್ನು ಓದಿ ಹೇಳುತ್ತದೆ. ಅರಸು ರಸ್ತೆಯ ಅಂಗಡಿಯಲ್ಲಿ ಗುಜರಾತಿ ಕ್ಯಾಲೆಂಡರ್ ಇರಬಾರದು ಎಂದೇನಿಲ್ಲ, ಕೇಳುವುದಕ್ಕೊಂದು ಪ್ರಶ್ನೆಯಂತೂ ಆಯಿತು.

ಮಾರಾಟಗಾರನ ಡಿಪಿ ವಿಷಯದಲ್ಲಿ ಉಪಕರಣ ಬದಲಾಗುತ್ತದೆ. ಮುಖದ ಫೋಟೊ ಕೊಟ್ಟರೆ ಗೂಗಲ್ ಹೆಚ್ಚಾಗಿ ಅಂಥದೇ ಶರ್ಟು, ಕನ್ನಡಕ ತೋರಿಸುತ್ತದೆ. ಹಿಂದೆ ಚಾಮುಂಡಿ ಬೆಟ್ಟದ ನಂದಿ ಇದ್ದರೆ ನಂದಿಯ ಫೋಟೊಗಳೇ ಬರುತ್ತವೆ. ಅದೇ ಮುಖದ ಬೇರೆ ಫೋಟೊಗಳನ್ನು ಹುಡುಕುವುದರಲ್ಲಿ ರಷ್ಯಾದ ಹುಡುಕಾಟ ತಾಣ ಯಾಂಡೆಕ್ಸ್ ಮುಂದಿದೆ. ಟಿನ್‌ಐ ಮುಖ ಗುರುತಿಸುವುದಿಲ್ಲ, ಅದೇ ಫೋಟೊ ಇದ್ದರೆ ಮಾತ್ರ ತೋರಿಸುತ್ತದೆ. ಮೊದಲು ಹಿನ್ನೆಲೆ ಸಮೇತ, ಆಮೇಲೆ ಮುಖವನ್ನಷ್ಟೇ ಕ್ರಾಪ್ ಮಾಡಿ, ಹೀಗೆ ಎರಡು ಸಲ ನೋಡಿ. ಸೆಲ್ಫಿಯಲ್ಲಿ ಎಡ ಬಲ ತಿರುಗಿರುವುದು ಫೋನಿನದೇ ಕೆಲಸ ಇರಬಹುದು, ಅದರಿಂದ ಏನನ್ನೂ ತೀರ್ಮಾನಿಸಲಾಗದು. ಕಂಪ್ಯೂಟರ್ ಸೃಷ್ಟಿಸಿದ ಮುಖವಾದರೆ ಎಲ್ಲಿ ಹುಡುಕಿದರೂ ಸಿಗದೇ ಇರಬಹುದು. ಮುಖ ಬೇರೆ ಹೆಸರಿನಲ್ಲಿ ಸಿಕ್ಕರೆ, ಆ ಹೆಸರಿನವರೂ ಫೋಟೊ ಕಳೆದುಕೊಂಡವರೇ ಇರಬಹುದು. ಅವರ ಖಾತೆಗೆ ಹೋಗಿ ಬೈಯುವುದು ಬೇಡ.

ಅನುಮಾನ ಇನ್ನೂ ಉಳಿದಿದ್ದರೆ ಹೊಸ ಫೋಟೊ ಕೇಳಿ. ಕೆಎಸ್‌ಐಸಿ ಸೀರೆಯಲ್ಲಿ ಕಸೂತಿ ಮಾಡಿದ ಸಂಕೇತ ಸಂಖ್ಯೆ ಇರುತ್ತದೆ, ಹೋಲೋಗ್ರಾಂ ಇರುತ್ತದೆ. ಒಂದು ಚೀಟಿಯಲ್ಲಿ ನಿಮ್ಮ ಹೆಸರು ಮತ್ತು ಆ ದಿನದ ತಾರೀಖು ಬರೆದು, ಅದನ್ನು ಆ ಸಂಖ್ಯೆಯ ಪಕ್ಕದಲ್ಲಿಟ್ಟು ಫೋಟೊ ಕಳಿಸಿ ಎನ್ನಿ. ಬರೀ ಸಂಖ್ಯೆಯ ಹತ್ತಿರದ ಚಿತ್ರ ಸಾಲದು. ಚೀಟಿ, ಸಂಖ್ಯೆ, ಸೀರೆಯ ಅಂಚು ಮೂರೂ ಒಂದೇ ಫೋಟೊದಲ್ಲಿರಲಿ. ಬಂದದ್ದನ್ನೂ ಹುಡುಕಾಟಕ್ಕೆ ಹಾಕಿ. ಈಗ ತಾನೇ ತೆಗೆದದ್ದಾದರೆ ಅದು ಎಲ್ಲಿಯೂ ಸಿಗಬಾರದು. ಚೀಟಿಯನ್ನು ಎಡಿಟ್ ಮಾಡಿ ಅಂಟಿಸಿರಬಹುದು ಎನಿಸಿದರೆ ವಿಡಿಯೊ ಕಾಲ್‌ನಲ್ಲಿ ಸೀರೆ ಬಿಚ್ಚಿ ತೋರಿಸಲು ಹೇಳಿ.

ಹೊಂದಿದ ಪುಟಗಳನ್ನು ವೆಬ್ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಮಾರಾಟಗಾರನ ಪುಟದ ಲಿಂಕನ್ನೂ ಬೇರೆ ಬರೆದಿಡಿ. ಪ್ರಶ್ನೆ ಕೇಳಿದ ಮೇಲೆ ಪುಟವೇ ಕಾಣೆಯಾಗುವುದು ಮಾಮೂಲು. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಅಥವಾ cybercrime.gov.in ತಾಣದಲ್ಲಿ ದೂರು ಕೊಡಿ. ಯುಪಿಐ ವ್ಯವಹಾರದ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯಲು ಅವರಿಗೆ ಬೇಕಾಗುವುದು ಆ ಸಂಖ್ಯೆ.