ವಾಟ್ಸಾಪ್ ಕಾಲ್ ಅಂದ್ರೆ ಫೋನ್ ಕಾಲ್ ಅಲ್ಲ ಮಾರಾಯ್ರೇ

ಪ್ರಶ್ನೆ: ಕಾಳುಮೆಣಸು ಕೊಳ್ಳುವ ಬೆಂಗಳೂರಿನವರ ಜೊತೆ ನಮ್ಮ ಬೆಳೆಗಾರರ ಗುಂಪಿನ ಆನ್‌ಲೈನ್ ಮೀಟಿಂಗ್ ಇದೆ. ನಾನು ಶಿರಸಿಯಲ್ಲಿ. ಸ್ಟಾಕಿನ ಲೆಕ್ಕ ಗೊತ್ತಿರುವ ಹಿರಿಯರು ಸಿದ್ದಾಪುರದ ಒಳಹಳ್ಳಿಯಲ್ಲಿ. ಅವರ ನೆಟ್ ನಂಬುವ ಹಾಗಿಲ್ಲ. ಫೋನಿನಲ್ಲಿ ಸೇರಿಸಿಕೊಳ್ಳುತ್ತೇನೆ ಅಂತ ಮೊದಲೇ ಹೇಳೋದು ಹೇಗೆ? ಬೇಜಾರು ಮಾಡಿಕೊಂಡರೆ?

ಉತ್ತರ: ಮಳೆಗಾಲ ಶುರುವಾದರೆ ಈ ಪ್ರಶ್ನೆಯೂ ಶುರು. ಹಿಂದಿನ ದಿನವೇ ಒಂದು ಮೆಸೇಜ್ ಹಾಕಿ, ಅಷ್ಟೆ:

"ಭಟ್ರೇ, ನಾಳೆ 11 ಗಂಟೆಗೆ ಮೀಟಿಂಗ್. ಮಳೆಗೆ ಯಾರ ನೆಟ್ ಬೇಕಾದ್ರೂ ಕೈಕೊಡಬಹುದು. ನಿಮ್ಮ ದನಿ ಎರಡು ನಿಮಿಷ ಕೇಳದಿದ್ದರೆ ನಾನೇ ಸಾದಾ ಕಾಲ್ ಮಾಡ್ತೇನೆ. ನೀವು ಲಿಂಕ್ ಒತ್ತುತ್ತಾ ಕೂರಬೇಡಿ. ಮನೆಯಲ್ಲಿ ಚೆನ್ನಾಗಿ ಸಿಗುವ ನಂಬರ್ ಯಾವುದು?"

"ನಿಮ್ಮ ನೆಟ್ ಸರಿ ಇಲ್ಲ" ಅನ್ನುವ ಮಾತೇ ಇದರಲ್ಲಿಲ್ಲ. ಇನ್ನು ಬೇಜಾರೆಲ್ಲಿ? ಕಾಲ್ ಮಾಡುವ ಕೆಲಸ ನಿಮ್ಮದು ಅನ್ನೋದೂ ಸ್ಪಷ್ಟ. ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಡಯಲ್ ಮಾಡಿ ಇಬ್ಬರಿಗೂ ಬ್ಯುಸಿ ಬರುತ್ತದೆ.

ಈಗ ನನ್ನ ತಲೆ ತಿನ್ನುವ ವಿಷಯಕ್ಕೆ ಬರೋಣ. ಹತ್ತರಲ್ಲಿ ಒಂಬತ್ತು ಜನ ಹೇಳೋದು ಇದನ್ನೇ: "ಮೀಟಿಂಗ್ ಕಟ್ಟಾದ್ರೆ ವಾಟ್ಸಾಪ್‌ನಲ್ಲಿ ಫೋನ್ ಮಾಡ್ತೇನೆ." ಅಲ್ಲ ಸ್ವಾಮಿ, ವಾಟ್ಸಾಪ್ ಓಡೋದೂ ಅದೇ ನೆಟ್‌ನಲ್ಲೇ ಅಲ್ವಾ? ಸೇತುವೆ ಕುಸಿದಿದೆ, ಬಸ್ ಬೇಡ, ಕಾರಲ್ಲಿ ಹೋಗ್ತೇನೆ ಅಂದ ಹಾಗಾಯ್ತು. ವಿಡಿಯೋಗಿಂತ ಅದಕ್ಕೆ ಕಡಿಮೆ ಡೇಟಾ ಸಾಕು, ನಿಜ. ನೆಟ್ ಬರೀ ನಿಧಾನ ಇದ್ದರೆ ವಾಟ್ಸಾಪ್ ಕಾಲ್ ನಡೆದೀತು. ಆದರೆ ಕ್ಯಾಮೆರಾ ಆಫ್ ಮಾಡಿದರೆ ಮೀಟಿಂಗಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಸಾಕು. ಬಂದು ಹೋಗಿ ಮಾಡುವ ನೆಟ್‌ಗೆ ಎರಡೂ ಒಂದೇ.

"4ಜಿಯಲ್ಲಿ ಸಾದಾ ಕಾಲ್ ಕೂಡ ಡೇಟಾನೇ ಅಲ್ವಾ?" ಅಂತ ಜಾಣರು ಕೇಳುತ್ತಾರೆ. ಹೌದು. ಆದರೆ ಟವರ್ ಅದನ್ನು ಬೇರೆ ಥರ ನೋಡುತ್ತದೆ. ಸಾದಾ ಕಾಲ್‌ಗೆ ದಾರಿ ಬಿಡಿಸಿಟ್ಟು, ಉಳಿದ ಡೇಟಾಕ್ಕಿಂತ ಮೊದಲು ಕಳಿಸುತ್ತದೆ. ವಾಟ್ಸಾಪ್ ಕಾಲ್ ಮಾತ್ರ ಊರವರ ರೀಲ್ಸ್ ಜೊತೆ ಸರತಿಯಲ್ಲಿ ನಿಲ್ಲಬೇಕು. 2ಜಿ ಇರುವ ಕಡೆ ಮಾತಿಗೆ ಬೇರೆ ಚಾನೆಲ್ಲೇ ಇದೆ. ಅದಕ್ಕೇ ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಫೋಟೋ ಹೋಗದಿದ್ದರೂ ಮಾತು ಹೋಗುತ್ತದೆ. ಕಡ್ಡಿಯೇ ಇಲ್ಲದಿದ್ದರೆ ಎರಡೂ ಇಲ್ಲ, ಆ ಮಾತು ಬೇರೆ.

ಒಂದು ಸೂಕ್ಷ್ಮ ಇದೆ. ಭಟ್ಟರ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಇದ್ದು, ಮೊಬೈಲ್ ಮನೆಯ ವೈಫೈಗೆ ಸೇರಿದ್ದರೆ, ನೀವು ಮಾಡುವ ಸಾದಾ ಕಾಲ್ ಕೂಡ ಅದೇ ವೈಫೈನಲ್ಲಿ ಬರಬಹುದು. ಟವರ್ ಸಿಗ್ನಲ್ ಇದ್ದರೆ ಕಾಲ್ ಬರುವ ಹೊತ್ತಿಗೆ ಮೊಬೈಲಿನ ವೈಫೈ ಆಫ್ ಮಾಡಲು ಹೇಳಿ. ಹಾಗೆಯೇ ಅವರು ಮೊಬೈಲಿನ ಹಾಟ್‌ಸ್ಪಾಟ್‌ನಿಂದಲೇ ಮೀಟಿಂಗ್ ನೋಡುತ್ತಿದ್ದರೆ, ಕಾಲ್ ಬಂದಾಗ ಕೆಲವು ಹಳೆ ಸೆಟ್‌ಗಳಲ್ಲಿ ನೆಟ್ ನಿಂತುಬಿಡುತ್ತದೆ. ಗಾಬರಿ ಬೇಡ, ಮಾತಿಗೆ ಕಾಲ್ ಇದೆಯಲ್ಲ.

ನಿಮ್ಮ ಕಡೆ ಮಾಡಬೇಕಾದ್ದು ಇಷ್ಟು. ಮೀಟಿಂಗ್ ಆಹ್ವಾನದಲ್ಲಿ ಡಯಲ್ ಮಾಡುವ ನಂಬರ್ ಇದ್ದರೆ ಮೊದಲಿನ ಅಂಕಿ ನೋಡಿ. +1 ಅಂತಿದ್ದರೆ ಅದು ಅಮೆರಿಕ ಕಡೆಯದು, ಐಎಸ್‌ಡಿ ದುಡ್ಡು ಹೋಗುತ್ತದೆ. ಅದರ ಬದಲು ನಿಮ್ಮ ಮೊಬೈಲಿನಿಂದ ಭಟ್ಟರಿಗೆ ಕಾಲ್ ಮಾಡಿ, ಸ್ಪೀಕರ್ ಹಾಕಿ ಲ್ಯಾಪ್‌ಟಾಪ್ ಪಕ್ಕ ಇಡಿ. ನಿಮ್ಮ ಇಯರ್‌ಫೋನ್ ತೆಗೆಯಿರಿ, ಇಲ್ಲದಿದ್ದರೆ ಬೆಂಗಳೂರಿನವರ ಮಾತು ಭಟ್ಟರಿಗೆ ಕೇಳೋದಿಲ್ಲ. ಭಟ್ಟರು ಮೀಟಿಂಗಿನಿಂದ ಪೂರ್ತಿ ಹೊರಗೆ ಬರಬೇಕು. ನೆಟ್ ನಡುವೆ ಮರಳಿ ಬಂದರೆ ಅವರ ದನಿ ಎರಡೆರಡು ಸಲ ಕೇಳಿ ಕಿರಿಕಿರಿ. ದರದ ಪಟ್ಟಿಯನ್ನು ಹಿಂದಿನ ದಿನವೇ ಕಳಿಸಿ, ಸಾಲುಗಳಿಗೆ ನಂಬರ್ ಹಾಕಿ. ಪರದೆ ಕಾಣದವರಿಗೆ "ಈ ರೇಟು ನೋಡಿ" ಅಂದರೆ ಏನು ಗೊತ್ತಾಗಬೇಕು? "ಮೂರನೇ ಸಾಲು" ಅನ್ನಿ.

ಇನ್ನೊಂದು ಸಂಗತಿ, ನೀವು ಕೇಳಿಲ್ಲ, ಆದರೂ ಹೇಳ್ತೇನೆ. ಘಟ್ಟದ ಕೆಲವು ಮನೆಗಳಲ್ಲಿ ಟವರ್ ಸಿಗ್ನಲ್ಲೇ ಇರೋದಿಲ್ಲ, ಮೊಬೈಲ್ ನಡೆಯೋದೇ ವೈಫೈ ಕಾಲಿಂಗ್ ಮೇಲೆ. ಅಂಥವರ ಹತ್ತಿರ ಲ್ಯಾಂಡ್‌ಲೈನ್ ನಂಬರ್ ಕೇಳುತ್ತೀರಿ. ಕೇಳಿ, ಆದರೆ ಅದು ಯಾವ ತಂತಿ ಅಂತಲೂ ಕೇಳಿ. ಹಳೆಯ ತಾಮ್ರದ ತಂತಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತದೆ, ಮನೆಯಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತದೆ. ಫೈಬರ್‌ಗೆ ಹಾಗಲ್ಲ. ಮೋಡೆಮ್ ಆರಿದರೆ ನೆಟ್, ವೈಫೈ ಕಾಲ್, ಲ್ಯಾಂಡ್‌ಲೈನ್ ಮೂರೂ ಒಟ್ಟಿಗೇ ಹೋದವು. ಪರೀಕ್ಷೆ ಸುಲಭ: ಮೋಡೆಮ್ ಸ್ವಿಚ್ ಆಫ್ ಮಾಡಿ, ರಿಸೀವರ್ ಎತ್ತಿ ಡಯಲ್ ಟೋನ್ ಬರುತ್ತಾ ನೋಡಿ ಅಂತ ಭಟ್ಟರಿಗೆ ಹೇಳಿ. ಬರದಿದ್ದರೆ ಮೋಡೆಮ್ ಇನ್ವರ್ಟರ್ ಲೈನಿಗೆ ಸೇರಿದೆಯಾ ಕೇಳಿ. ಅದೂ ಇಲ್ಲ ಅಂದರೆ, 11 ಗಂಟೆಗೆ ಸಿಗ್ನಲ್ ಬರುವ ಕಡೆ ಹೋಗಿ ಕೂರಲು ಇವತ್ತೇ ಹೇಳಿಬಿಡಿ.