ಎನ್‌ಪಿವಿ ಒಂದು ಕಡೆ, ಐಆರ್‌ಆರ್ ಇನ್ನೊಂದು ಕಡೆ: ಯಾಕೆ ಹೀಗೆ?

ಎದುರಿಗೆ ಎರಡು ಪ್ರಾಜೆಕ್ಟ್ ಇವೆ. ಎನ್‌ಪಿವಿ ಕಾಲಂ ನೋಡಿದರೆ ಎರಡನೆಯದು ಮೇಲು, ಐಆರ್‌ಆರ್ ಕಾಲಂ ನೋಡಿದರೆ ಮೊದಲನೆಯದು. ಮೊದಲ ಸಲ ಹೀಗಾದಾಗ ಫಾರ್ಮುಲಾದಲ್ಲೇ ಏನೋ ತಪ್ಪಾಗಿದೆ ಅಂದುಕೊಂಡು ನಾನು ಅರ್ಧ ದಿನ ಹುಡುಕಿದ್ದೆ. ತಪ್ಪು ಸಿಗಲಿಲ್ಲ, ಇದ್ದರೆ ತಾನೇ ಸಿಗೋದು! ಎರಡೂ ಲೆಕ್ಕ ಸರಿಯಾಗಿಯೇ ಇದ್ದವು. ಉತ್ತರ ಕೊಡುತ್ತಿದ್ದ ಪ್ರಶ್ನೆಗಳು ಮಾತ್ರ ಬೇರೆ ಬೇರೆ.

ಎನ್‌ಪಿವಿ ಅಂದರೆ ನಿವ್ವಳ ಪ್ರಸ್ತುತ ಮೌಲ್ಯ. ಮುಂದೆ ಬರುವ ಹಣವನ್ನೆಲ್ಲ ಒಂದು ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿ, ಅದರಿಂದ ಇವತ್ತು ಹಾಕುವ ಹಣವನ್ನು ಕಳೆದರೆ ಉಳಿಯುವ ಮೊತ್ತ ಅದು. ಆ ದರ ಎಷ್ಟು? ಅಷ್ಟೇ ಅಪಾಯ ಇರುವ ಬೇರೆ ಕಡೆ ಈ ಹಣ ಹಾಕಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟು. ಅದನ್ನೇ ಬಂಡವಾಳದ ವೆಚ್ಚ ಅನ್ನುತ್ತಾರೆ. ಐಆರ್‌ಆರ್ ಅಂದರೆ ಆಂತರಿಕ ಪ್ರತಿಫಲ ದರ. ಎಷ್ಟು ದರ ಹಾಕಿದರೆ ಎನ್‌ಪಿವಿ ಸೊನ್ನೆಗೆ ಬಂದು ನಿಲ್ಲುತ್ತದೋ ಆ ದರ. ಒಂದು ಹೇಳುವುದು ಮೊತ್ತ, ಇನ್ನೊಂದು ಹೇಳುವುದು ಶೇಕಡಾ.

ಇರುವುದು ಒಂದೇ ಪ್ರಾಜೆಕ್ಟ್, ಮೊದಲು ಹಣ ಹಾಕಿ ಆಮೇಲೆ ವಾಪಸ್ ಪಡೆಯುವ ಸಾಮಾನ್ಯ ರೀತಿಯದು, ಮಾಡಬೇಕೋ ಬೇಡವೋ ಅಷ್ಟೇ ಪ್ರಶ್ನೆ ಅಂದರೆ ಜಗಳವೇ ಇಲ್ಲ. ಐಆರ್‌ಆರ್ ಬಂಡವಾಳದ ವೆಚ್ಚಕ್ಕಿಂತ ಜಾಸ್ತಿ ಇದ್ದರೆ ಎನ್‌ಪಿವಿಯೂ ಸೊನ್ನೆಗಿಂತ ಮೇಲೆ ಇರುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕು, ಒಂದು ಹಿಡಿದರೆ ಇನ್ನೊಂದು ಬಿಡಲೇಬೇಕು ಅಂದಾಗ ಮಾತ್ರ ಇವೆರಡೂ ಬೇರೆ ಬೇರೆ ಮಾತಾಡಬಹುದು.

ಸುಲಭದ್ದನ್ನು ಮೊದಲು ನೋಡೋಣ. ಒಂದು ಸಣ್ಣ ಪ್ರಾಜೆಕ್ಟ್, ಇವತ್ತು 100 ಹಾಕಿದರೆ ವರ್ಷದ ಕೊನೆಗೆ 150 ಬರುತ್ತದೆ. ಐಆರ್‌ಆರ್ ಶೇ 50. ಇನ್ನೊಂದು ದೊಡ್ಡದು, 1000 ಹಾಕಿದರೆ ವರ್ಷದ ಕೊನೆಗೆ 1300. ಐಆರ್‌ಆರ್ ಶೇ 30. ಬಂಡವಾಳದ ವೆಚ್ಚ ಶೇ 10 ಅಂತ ಇಟ್ಟುಕೊಳ್ಳಿ. ಸಣ್ಣದರ ಎನ್‌ಪಿವಿ 36, ದೊಡ್ಡದರದು 182. ಶೇಕಡಾ ನೋಡಿದವರಿಗೆ ಸಣ್ಣದು ಗೆದ್ದಿತು, ಮೊತ್ತ ನೋಡಿದವರಿಗೆ ದೊಡ್ಡದು.

ಇಲ್ಲಿ ಐಆರ್‌ಆರ್ ಸುಳ್ಳು ಹೇಳಲಿಲ್ಲ. ಶೇ 50 ನಿಜವೇ, ಆದರೆ ಅದು ಬರೀ 100ರ ಮೇಲೆ ಸಿಕ್ಕ ಶೇ 50. ಉಳಿದ 900ರ ಗತಿ ಏನು ಅಂತ ಅದು ಹೇಳುವುದೇ ಇಲ್ಲ. ಆ 900 ಸುಮ್ನೆ ಕೂರುವುದಿಲ್ಲ, ಬೇರೆ ಕಡೆ ಶೇ 10ರಂತೆ ದುಡಿದು 990 ಆಗುತ್ತದೆ ಅನ್ನೋಣ. ಆಗ ಸಣ್ಣದನ್ನು ಹಿಡಿದವರ ಕೈಯಲ್ಲಿ ವರ್ಷದ ಕೊನೆಗೆ ಒಟ್ಟು 150 ಮತ್ತು 990, ಅಂದರೆ 1140. ದೊಡ್ಡದನ್ನು ಹಿಡಿದವರ ಕೈಯಲ್ಲಿ 1300.

ಇದನ್ನೇ ಇನ್ನೊಂದು ರೀತಿ ಕೇಳಬಹುದು. ಸಣ್ಣದರಿಂದ ದೊಡ್ಡದಕ್ಕೆ ಹೋಗಲು ಹೆಚ್ಚುವರಿಯಾಗಿ 900 ಹಾಕಬೇಕು. ಅದಕ್ಕೆ ಪ್ರತಿಯಾಗಿ ಹೆಚ್ಚುವರಿಯಾಗಿ ಬರುವುದು 1150. ಈ ವ್ಯತ್ಯಾಸಕ್ಕೇ ಐಆರ್‌ಆರ್ ಹಾಕಿದರೆ ಸುಮಾರು ಶೇ 27.8. ಬೇರೆ ಕಡೆ ಶೇ 10 ಸಿಗುವಾಗ ಇಲ್ಲಿ ಶೇ 27.8 ಸಿಕ್ಕರೆ ಯಾರಾದರೂ ಬಿಡುತ್ತಾರಾ? ದೊಡ್ಡದಕ್ಕೇ ಹೋಗಬೇಕು. ಐಆರ್‌ಆರ್ ಅನ್ನೇ ಬಳಸಿ ಎನ್‌ಪಿವಿ ಹೇಳಿದ ಉತ್ತರಕ್ಕೇ ಬಂದೆವು, ಗಮನಿಸಿ.

ಗಾತ್ರದ ವಿಷಯ ಹೆಚ್ಚಿನವರಿಗೆ ಬೇಗ ಹಿಡಿಯುತ್ತದೆ. ತಲೆ ಕೆಡಿಸುವುದು ಸಮಯದ ವಿಷಯ. ಯಾಕೆಂದರೆ ಅಲ್ಲಿ ಎರಡಕ್ಕೂ ಹಾಕುವ ಹಣ ಒಂದೇ, ಅವಧಿಯೂ ಒಂದೇ. ಆದರೂ ಉತ್ತರ ಬೇರೆ ಬರುತ್ತದೆ.

ಎರಡಕ್ಕೂ ಇವತ್ತು 1000 ಹಾಕಬೇಕು ಅನ್ನಿ. 'ಬೇಗ' ಅನ್ನುವ ಪ್ರಾಜೆಕ್ಟ್ ಮೊದಲ ವರ್ಷದ ಕೊನೆಗೆ 1000, ಎರಡನೇ ವರ್ಷದ ಕೊನೆಗೆ 240 ಕೊಡುತ್ತದೆ. 'ತಡ' ಅನ್ನುವುದು ಮೊದಲು 100, ಆಮೇಲೆ 1270 ಕೊಡುತ್ತದೆ. ಬೇಗದ ಐಆರ್‌ಆರ್ ಸರಿಯಾಗಿ ಶೇ 20. ತಡದ್ದು ಸುಮಾರು ಶೇ 17.8. ಈಗ ಶೇ 10ರ ದರದಲ್ಲಿ ಎನ್‌ಪಿವಿ ನೋಡಿದರೆ ಬೇಗಕ್ಕೆ 107, ತಡಕ್ಕೆ 140. ಮತ್ತೆ ಉಲ್ಟಾ.

ಯಾಕೆ ಅಂತ ತಿಳಿಯಬೇಕಾದರೆ ಐಆರ್‌ಆರ್ ಯಾವ ಹಣದ ಮೇಲಿನ ದರ ಅಂತ ಕೇಳಬೇಕು. ಅದು ಮೊದಲು ಹಾಕಿದ 1000ದ ಮೇಲೆ ಕೊನೆತನಕ ಸಿಗುವ ದರ ಅಲ್ಲ. ಆಯಾ ವರ್ಷ ಪ್ರಾಜೆಕ್ಟ್ ಒಳಗೆ ಇನ್ನೂ ಉಳಿದಿರುವ ಹಣದ ಮೇಲಿನ ದರ. ಬೇಗದಲ್ಲಿ 1000ಕ್ಕೆ ಶೇ 20 ಸೇರಿ ಮೊದಲ ವರ್ಷ 1200 ಆಯಿತು. ಅದರಲ್ಲಿ 1000 ಹೊರಗೆ ಬಂತು. ಒಳಗೆ ಉಳಿದದ್ದು 200 ಮಾತ್ರ. ಆ 200ಕ್ಕೆ ಶೇ 20 ಸೇರಿ 240 ಆಯಿತು, ಲೆಕ್ಕ ಮುಗಿಯಿತು. ತಡದಲ್ಲಿ 1000 ಬೆಳೆದು 1178 ಆಯಿತು, 100 ಹೊರಗೆ ಬಂತು, ಒಳಗೆ 1078 ಉಳಿಯಿತು. ಎರಡನೇ ವರ್ಷ ಅಷ್ಟೂ ಹಣ ಶೇ 17.8ರಂತೆ ಬೆಳೆದು 1270 ಆಯಿತು.

ಈಗ ಎರಡನೇ ವರ್ಷವನ್ನಷ್ಟೇ ನೋಡಿ. ಒಂದು ಕಡೆ 200ರ ಮೇಲೆ ಶೇ 20, ಇನ್ನೊಂದು ಕಡೆ 1078ರ ಮೇಲೆ ಶೇ 17.8. ಇದನ್ನು ಎಲ್ಲೋ ನೋಡಿದ ಹಾಗಿದೆ ಅಲ್ವಾ? ಸಣ್ಣ ಪ್ರಾಜೆಕ್ಟ್, ದೊಡ್ಡ ಪ್ರಾಜೆಕ್ಟ್‌ನದೇ ಕತೆ. ನನ್ನ ಪ್ರಕಾರ ಗಾತ್ರ, ಸಮಯ ಅಂತ ಪುಸ್ತಕಗಳು ಎರಡು ಕಾರಣ ಬರೆದರೂ ಒಳಗಿರುವುದು ಒಂದೇ ಕಾರಣ. ಹಣ ಬೇಗ ವಾಪಸ್ ಬಂದರೆ ಪ್ರಾಜೆಕ್ಟ್ ನಡುವೆಯೇ ಸಣ್ಣದಾಗುತ್ತದೆ. ಶುರುವಿನಲ್ಲಿ ಎರಡೂ ಒಂದೇ ಗಾತ್ರ ಇದ್ದದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಹಾಗಾದರೆ ಬೇಗದಿಂದ ಮೊದಲ ವರ್ಷ ಕೈಗೆ ಬಂದ 1000 ಎಲ್ಲಿ ಹೋಗುತ್ತದೆ? ಜಗಳ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಬೇರೆ ಕಡೆ ಶೇ 10 ಸಿಗುತ್ತದೆ ಅಂದರೆ ಅದು 1100 ಆಗಿ, 240 ಸೇರಿ ಎರಡನೇ ವರ್ಷದ ಕೊನೆಗೆ 1340. ತಡದವರಿಗೆ 100 ಬೆಳೆದು 110 ಆಗಿ, 1270 ಸೇರಿ 1380. ತಡ 40ರಷ್ಟು ಮುಂದೆ. ಆ 40 ಅನ್ನು ಶೇ 10ರಂತೆ ಇವತ್ತಿಗೆ ಇಳಿಸಿದರೆ 33. ಎರಡರ ಎನ್‌ಪಿವಿ ವ್ಯತ್ಯಾಸವೂ ಅಷ್ಟೇ.

ಐಆರ್‌ಆರ್ ಲೆಕ್ಕ 'ಬಂದ ಹಣ ಐಆರ್‌ಆರ್ ದರದಲ್ಲೇ ಮತ್ತೆ ಹೂಡಿಕೆ ಆಗುತ್ತದೆ ಅಂತ ಊಹಿಸುತ್ತದೆ' ಅನ್ನುವ ಮಾತು ಬಹಳ ಕಡೆ ಸಿಗುತ್ತದೆ. ಅದು ಅಷ್ಟು ಸರಿಯಲ್ಲ. ಈಗ ತಾನೇ ನೋಡಿದೆವಲ್ಲ, ಹೊರಗೆ ಬಂದ 1000ದ ಬಗ್ಗೆ ಏನೂ ಊಹಿಸದೆಯೇ ಶೇ 20 ಸರಿಹೋಯಿತು. ಊಹೆ ನುಸುಳುವುದು ಲೆಕ್ಕದಲ್ಲಲ್ಲ, ಆ ದರಗಳನ್ನು ಅಕ್ಕಪಕ್ಕ ಇಟ್ಟು ಶೇ 20ರದ್ದೇ ಮೇಲು ಅಂತ ನಾವು ಸಾಲು ಹಚ್ಚುವಾಗ. ಹಾಕಿದ 1000 ಎರಡು ವರ್ಷವೂ ಶೇ 20ರಂತೆ ಬೆಳೆದಿದ್ದರೆ ಕೊನೆಗೆ 1440 ಇರಬೇಕಿತ್ತು. ಅಷ್ಟಾಗಬೇಕಾದರೆ ನಡುವೆ ಬಂದ 1000ಕ್ಕೂ ಎಲ್ಲಾದರೂ ಶೇ 20 ಸಿಗಬೇಕು. ಸಿಗುವುದು ಶೇ 10 ಆದರೆ ಕೊನೆಗೆ ಉಳಿಯುವುದು 1340.

ಇಲ್ಲೂ ವ್ಯತ್ಯಾಸದ ಲೆಕ್ಕ ಹಾಕಬಹುದು. ತಡದಿಂದ ಬೇಗವನ್ನು ಕಳೆಯಿರಿ. ಇವತ್ತು ವ್ಯತ್ಯಾಸ ಸೊನ್ನೆ. ಮೊದಲ ವರ್ಷ 900 ಕಡಿಮೆ, ಎರಡನೇ ವರ್ಷ 1030 ಜಾಸ್ತಿ. ಅಂದರೆ ತಡವನ್ನು ಆರಿಸುವುದು ಅಂದರೆ ಒಂದು ವರ್ಷ ಆದ ಮೇಲೆ 900 ಹಾಕಿ ಅದರ ಮುಂದಿನ ವರ್ಷ 1030 ಪಡೆದ ಹಾಗೆ. ಇದರ ದರ ಸುಮಾರು ಶೇ 14.4. ಬೇರೆ ಕಡೆ ಶೇ 10 ಮಾತ್ರ ಸಿಗುವುದಾದರೆ ಕಾಯುವುದು ಲಾಭ. ಶೇ 16 ಸಿಗುವುದಾದರೆ ಕಾಯಬಾರದು. ಬೇಕಾದರೆ ಶೇ 16 ಹಾಕಿ ನೋಡಿ, ಬೇಗದ ಎನ್‌ಪಿವಿ 40, ತಡದ್ದು 30. ಈಗ ಎನ್‌ಪಿವಿ, ಐಆರ್‌ಆರ್ ಎರಡೂ ಬೇಗದ ಪರ.

ಈ ಶೇ 14.4 ಅನ್ನು ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಶರ್ ಹೆಸರಲ್ಲಿ ಫಿಶರ್ ದರ ಅನ್ನುತ್ತಾರೆ. ಅಡ್ಡಕ್ಕೆ ದರ, ಉದ್ದಕ್ಕೆ ಎನ್‌ಪಿವಿ ಇಟ್ಟು ಗ್ರಾಫ್ ಬರೆದರೆ ಚೆನ್ನಾಗಿ ಕಾಣುತ್ತದೆ. ದರ ಸೊನ್ನೆ ಇರುವಾಗ ತಡದ ಗೆರೆ 370ರಲ್ಲಿ, ಬೇಗದ ಗೆರೆ 240ರಲ್ಲಿ ಶುರುವಾಗುತ್ತದೆ. ದೂರದ ಹಣಕ್ಕೆ ದರದ ಪೆಟ್ಟು ಜಾಸ್ತಿ, ಹಾಗಾಗಿ ತಡದ ಗೆರೆ ಕಡಿದಾಗಿ ಇಳಿಯುತ್ತದೆ. ಶೇ 14.4ರಲ್ಲಿ ಎರಡೂ ಒಂದನ್ನೊಂದು ದಾಟುತ್ತವೆ. ಆ ಬಿಂದುವಿನ ಎಡಕ್ಕೆ ನಿಮ್ಮ ಬಂಡವಾಳದ ವೆಚ್ಚ ಇದ್ದರೆ ಜಗಳ, ಬಲಕ್ಕೆ ಇದ್ದರೆ ಇಲ್ಲ. ಐಆರ್‌ಆರ್ ತನ್ನ ಸಾಲನ್ನು ಯಾವತ್ತೂ ಬದಲಿಸುವುದಿಲ್ಲ, ಯಾಕೆಂದರೆ ಬೇರೆ ಕಡೆ ಎಷ್ಟು ಸಿಗುತ್ತದೆ ಅಂತ ಅದು ಕೇಳುವುದೇ ಇಲ್ಲ.

ಸ್ಪ್ರೆಡ್‌ಶೀಟ್‌ನಲ್ಲಿ ಮೊದಲ ಸಾಲು ಬೇಗ, ಎರಡನೆಯದು ತಡ, ಮೂರನೆಯದು ತಡದಿಂದ ಬೇಗ ಕಳೆದದ್ದು, A ಕಾಲಂನಲ್ಲಿ ಇವತ್ತಿನ ಹಣ, B ಮತ್ತು C ಕಾಲಂಗಳಲ್ಲಿ ಮೊದಲ, ಎರಡನೇ ವರ್ಷದ್ದು, ಹಾಕುವ ಹಣಕ್ಕೆ ಮೈನಸ್ ಗುರುತು ಅಂತ ಇಟ್ಟರೆ ತಡಕ್ಕೂ ವ್ಯತ್ಯಾಸಕ್ಕೂ ಇಷ್ಟು ಸಾಕು:

```
=A2+NPV(10%,B2:C2)
=IRR(A2:C2)
=IRR(A3:C3)
```

ಮೊದಲ ಫಾರ್ಮುಲಾದಲ್ಲಿ `A2` ಹೊರಗೆ ನಿಂತಿರುವುದಕ್ಕೆ ಕಾರಣ ಇದೆ. `NPV` ತನ್ನೊಳಗೆ ಕೊಟ್ಟ ಮೊದಲ ಅಂಕಿಯನ್ನೇ ಒಂದು ವರ್ಷ ಆದ ಮೇಲಿನದು ಅಂತ ತಿಳಿಯುತ್ತದೆ. ಇವತ್ತಿನ ಹಣವನ್ನು ಒಳಗೆ ಸೇರಿಸಿದರೆ ಎಲ್ಲವೂ ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ವ್ಯತ್ಯಾಸ ಕಳೆಯುವಾಗ ದಿಕ್ಕಿನ ಮೇಲೂ ಕಣ್ಣಿಡಿ. ಮೊದಲು ಹಣ ಹೋಗಿ ಆಮೇಲೆ ಬರುವ ಹಾಗೆ ಕಳೆಯಬೇಕು. ಉಲ್ಟಾ ಕಳೆದರೆ ಮೊದಲು 900 ಬಂದು ಆಮೇಲೆ 1030 ಹೋಗುತ್ತದೆ. ದರ ಅದೇ ಶೇ 14.4 ಬರುತ್ತದೆ, ಆದರೆ ಈಗ ಅದು ಸಾಲದ ದರ. ಜಾಸ್ತಿ ಇದ್ದಷ್ಟೂ ಕೆಟ್ಟದ್ದು.

ಇನ್ನೊಂದು ಮಾತು. ಮೊದಲ ಉದಾಹರಣೆಯ 100ರ ಪ್ರಾಜೆಕ್ಟ್ ಒಂದೇ ಸಲ ಸಿಗುವಂಥದ್ದು ಅಂತ ನಾವು ಅಂದುಕೊಂಡಿದ್ದೆವು. ಕೈಯಲ್ಲಿ ಇರುವುದು 1000 ಮಾತ್ರ, ಆದರೆ ಅಂಥದ್ದೇ ಹತ್ತು ಸಣ್ಣ ಪ್ರಾಜೆಕ್ಟ್ ಒಟ್ಟಿಗೆ ಸಿಗುತ್ತವೆ ಅಂದರೆ ಕತೆ ಬದಲಾಗುತ್ತದೆ. ಹತ್ತರ ಎನ್‌ಪಿವಿ ಸೇರಿ ಸುಮಾರು 364, ದೊಡ್ಡದರದು ಆಗಲೂ 182. ಆಗ ಸಣ್ಣವನ್ನೇ ಹಿಡಿಯಬೇಕು, ಎನ್‌ಪಿವಿ ಹೇಳುವುದೂ ಅದನ್ನೇ.