ಎ-ಸ್ಟಾರ್ ಹಾಕಿದ ಮೇಲೂ ಶತ್ರು ನಿಂತಲ್ಲೇ ಅಲ್ಲಾಡುವುದೇಕೆ?

ಪ್ರಶ್ನೆ: ನನ್ನ ಆಟದಲ್ಲಿ 32 ಪಿಕ್ಸೆಲ್ ಅಗಲದ ಟೈಲ್‌ಗಳಿವೆ. ಎ-ಸ್ಟಾರ್ ಕೊಡುವ ದಾರಿಯನ್ನು ಪರದೆಯ ಮೇಲೆ ಬಿಡಿಸಿ ನೋಡಿದರೆ ಸರಿಯಾಗಿಯೇ ಇದೆ. ಆದರೂ ಶತ್ರು ಆಟಗಾರನನ್ನು ಅಟ್ಟಿಸಿಕೊಂಡು ಹೋಗದೆ ನಿಂತಲ್ಲೇ ಹಿಂದೆ ಮುಂದೆ ಆಡುತ್ತಾನೆ. ಯಾಕೆ?

ಉತ್ತರ: ದಾರಿಯನ್ನು ಒಂದೇ ಸಲ ಹುಡುಕಿ, ಮರುಹುಡುಕಾಟ ನಿಲ್ಲಿಸಿ ನೋಡಿ. ಆಗ ಶತ್ರು ಸಲೀಸಾಗಿ ನಡೆದರೆ ಎ-ಸ್ಟಾರ್ ತಪ್ಪಿಲ್ಲ; ಹುಡುಕಾಟ ಶುರುವಾಗುವ ಟೈಲ್ ತಪ್ಪಿದೆ.

ಕಾಲಮ್‌ಗಳನ್ನು ಸೊನ್ನೆಯಿಂದ ಎಣಿಸಿದರೆ ಶತ್ರು 5ನೇ ಕಾಲಮ್‌ನ ನಡುವೆ, ಅಂದರೆ x = 176ರಲ್ಲಿ ಇದ್ದಾನೆ ಎಂದುಕೊಳ್ಳಿ. ವೇಗ ಸೆಕೆಂಡಿಗೆ 80 ಪಿಕ್ಸೆಲ್, ಮರುಹುಡುಕಾಟ 0.1 ಸೆಕೆಂಡಿಗೊಮ್ಮೆ. ಅಷ್ಟರಲ್ಲಿ ಅವನು 8 ಪಿಕ್ಸೆಲ್ ಸರಿದು 184ಕ್ಕೆ ಬಂದಿರುತ್ತಾನೆ, ಆದರೆ ಇನ್ನೂ 5ನೇ ಕಾಲಮ್‌ನಲ್ಲೇ ಇದ್ದಾನೆ. ಹೊಸ ದಾರಿಯ ಮೊದಲ ಟೈಲ್ ಅದೇ ಆದ್ದರಿಂದ ಅದರ ನಡುವಿಗೆ, 176ಕ್ಕೆ, ಹಿಂದಿರುಗುತ್ತಾನೆ. ಮತ್ತೆ 8 ಮುಂದೆ, ಮತ್ತೆ 8 ಹಿಂದೆ. ಮರುಹುಡುಕಾಟವನ್ನು ಕಾಲು ಸೆಕೆಂಡಿಗೆ ಏರಿಸಿದರೆ ಶತ್ರು 196ಕ್ಕೆ ತಲುಪಿ 6ನೇ ಕಾಲಮ್ ಹೊಕ್ಕುಬಿಡುತ್ತಾನೆ, ತೊಂದರೆ ಮಾಯವಾದಂತೆ ಕಾಣುತ್ತದೆ. ಅದನ್ನು ನಂಬಬೇಡಿ, ನಿಧಾನ ನಡೆಯುವ ಇನ್ನೊಬ್ಬ ಶತ್ರುವನ್ನು ತಂದ ಕೂಡಲೇ ಮರಳಿ ಬರುತ್ತದೆ.

ಸರಿಯಾದ ಪರಿಹಾರವೆಂದರೆ ಶತ್ರು ಈಗಾಗಲೇ ಹೊರಟಿರುವ ಟೈಲ್‌ನಿಂದ ಹುಡುಕುವುದು:

```python
start = enemy.next_tile or tile_of(enemy.pos)
enemy.path = astar(start, player_tile)[1:]
```

ಹಿಡಿದ ಹೆಜ್ಜೆಯನ್ನು ಅವನು ಪೂರ್ತಿ ಮುಗಿಸಲಿ; `next_tile`ನ ನಡುವಿಗೆ ತಲುಪಿದ ಮೇಲಷ್ಟೇ `path`ನಿಂದ ಮುಂದಿನದನ್ನು ತೆಗೆಯಿರಿ. ಆಟಗಾರ ಥಟ್ಟನೆ ದಿಕ್ಕು ಬದಲಿಸಿದರೂ ಶತ್ರು ತಿರುಗಲು ಹೆಚ್ಚೆಂದರೆ 0.4 ಸೆಕೆಂಡ್ ತಡ, ಅದು ಸಹಜವಾಗಿಯೇ ಕಾಣುತ್ತದೆ. ತಲುಪಿದನೇ ಎಂದು ನೋಡಲು `==` ಬಳಸಬೇಡಿ. ಸೆಕೆಂಡಿಗೆ 60 ಫ್ರೇಮ್ ಇದ್ದರೆ ಒಂದು ಫ್ರೇಮ್‌ಗೆ ಸುಮಾರು 1.33 ಪಿಕ್ಸೆಲ್ ಸರಿಯುವವನು ನಡುಬಿಂದುವನ್ನು ದಾಟಿಯೇ ಹೋಗಬಹುದು. ಉಳಿದ ದೂರ ಆ ಫ್ರೇಮ್‌ನ ಹೆಜ್ಜೆಗಿಂತ ಕಡಿಮೆಯಾದರೆ ನೇರವಾಗಿ ನಡುವಿನಲ್ಲಿ ಕೂರಿಸಿ.

ಇಷ್ಟಾದರೂ ಗೋಡೆಯೆದುರು ಇನ್ನೊಂದು ಓಲಾಟ ಉಳಿಯಬಹುದು. ಶತ್ರು (2,3)ರಲ್ಲಿ, ಆಟಗಾರ (6,3)ರಲ್ಲಿ, ನಡುವೆ 4ನೇ ಕಾಲಮ್‌ನ 2ರಿಂದ 4ರವರೆಗಿನ ಸಾಲುಗಳಲ್ಲಿ ಗೋಡೆ. ನಾಲ್ಕು ದಿಕ್ಕಿನ ನಡಿಗೆಯಲ್ಲಿ ಮೇಲಿಂದ ಹೋದರೂ 8 ಹೆಜ್ಜೆ, ಕೆಳಗಿಂದ ಹೋದರೂ 8. ಆಟಗಾರ (6,2)ಕ್ಕೆ ಸರಿದರೆ ಮೇಲಿನದು 7, ಕೆಳಗಿನದು 9. (6,4)ಕ್ಕೆ ಇಳಿದರೆ ತಿರುವುಮುರುವು. ಎ-ಸ್ಟಾರ್ ಪ್ರತಿ ಸಲವೂ ಸರಿಯುತ್ತರವನ್ನೇ ಕೊಡುತ್ತದೆ, ಶತ್ರು ಮಾತ್ರ ಯಾವ ಕಡೆಗೂ ಹೋಗುವುದಿಲ್ಲ.

ಹಾಗಾಗಿ ಆಟಗಾರ ಪಕ್ಕದ ಟೈಲ್‌ಗೆ ಸರಿದಾಗ ಹಳೆಯ ದಾರಿಯ ತುದಿಗೆ ಆ ಟೈಲ್ ಸೇರಿಸಿ. ಅದು ದಾರಿಯಲ್ಲಿ ಮೊದಲೇ ಇದ್ದರೆ ಅಲ್ಲಿಗೇ ಕತ್ತರಿಸಿ. ಹೊಸ ದಾರಿಯನ್ನು ಹುಡುಕುತ್ತಲೇ ಇರಿ, ಆದರೆ ಅದು ಕನಿಷ್ಠ 3 ಹೆಜ್ಜೆ ಉಳಿಸಿದರೆ ಮಾತ್ರ ಒಪ್ಪಿಕೊಳ್ಳಿ. ಮೇಲಿನ ಲೆಕ್ಕದಲ್ಲಿ ಉಳಿತಾಯ 2 ಮಾತ್ರ, ಆದ್ದರಿಂದ ಶತ್ರು ಹಿಡಿದ ದಾರಿ ಬಿಡುವುದಿಲ್ಲ. ಹಳೆಯ ದಾರಿಗೆ ಹೊಸದಾಗಿ ಬಾಗಿಲು ಅಡ್ಡ ಬಿದ್ದರೆ ಮಾತ್ರ ಈ ಹೋಲಿಕೆ ಬಿಟ್ಟು ಕೂಡಲೇ ಹೊಸದನ್ನೇ ತೆಗೆದುಕೊಳ್ಳಿ.